ಅಪಾಯಸಮಾಜವೂ ಕಂಬ್ರಿಯದ ಕುರಿಗಾರರೂ

ಉಲ್ರಿಶ್ ಬೆಕ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞರ ‘ಅಪಾಯಸಮಾಜ’ವೆಂಬ ಗ್ರಂಥವು 1986ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಏಪ್ರಿಲ್ 26ನೆಯ ತಾರೀಖು, ಆಗ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಉಕ್ರೇನಿನ ಚೆರ್ನೋಬಿಲಿನಲ್ಲಿ ಅಣುವಿದ್ಯುತ್ ಸ್ಥಾವರದ ನಾಲ್ಕನೆಯ ಘಟಕವು ಸಿಡಿಯಿತು. ಗ್ರಂಥಕರ್ತರು ಮೇ ತಿಂಗಳಲ್ಲಿ ಆ ದುರಂತವನ್ನು ಕುರಿತು ಒಂದು ಮುನ್ನುಡಿಯನ್ನು ಬರೆದು ಸೇರಿಸಿದರು. ಗ್ರಂಥವೂ ದುರಂತವೂ ಕೂಡಿ ಬಂದುದು ಕಾಕತಾಳೀಯವೇ ಸರಿ; ಆದರೆ ಗ್ರಂಥದ ಕೀರ್ತಿಗೆ ಅದರಿಂದ ಆದ ಸಹಾಯವು ಅಲ್ಪವಲ್ಲ.

ಬೆಕ್ ಮಹಾಶಯರ ಮತವನ್ನು ಹೀಗೆ ಸಂಗ್ರಹಿಸಬಹುದು. ಅನಾವೃಷ್ಟಿ, ಪ್ರವಾಹ, ಮಹಾಮಾರಿ ಮೊದಲಾದುವನ್ನು ಪೂರ್ವಿಕರು ದೈವಕ್ಕೆ ಆರೋಪಿಸುತ್ತಿದ್ದರು. ಈಗಿನ ಅಪಾಯಗಳಾದರೋ ಮನುಷ್ಯನ ತೀರ್ಮಾನಗಳಿಂದಲೇ ಹುಟ್ಟಿದುವು. ಅವು ಕಣ್ಣಿಗೆ ಕಾಣವು, ಮೂಗಿಗೆ ನಾರವು. ಉಪಕರಣಗಳಿಂದ ಅಳೆದವನೇ ಅವು ಇವೆಯೆಂದು ಹೇಳಬೇಕು. ಆದುದರಿಂದ ತನಗೆ ಹಾನಿಯಾಗಿದೆಯೆಂಬುದನ್ನು ತಿಳಿಯಲು ಕೂಡ ಸಾಮಾನ್ಯನು ತಜ್ಞನ ಬಾಯನ್ನೇ ನೋಡಬೇಕಾಗಿದೆ. ಹಿಂದಿನ ಸಮಾಜವು ಸಂಪತ್ತಿನ ಹಂಚಿಕೆಗಾಗಿ ಜಗಳವಾಡಿತು. ಈ ಸಮಾಜವು ಅಪಾಯದ ಹಂಚಿಕೆಗಾಗಿ ಜಗಳವಾಡುವುದು. ಇಂಗ್ಲೆಂಡಿನ ಆಂಟನಿ ಗಿಡನ್ಸ್ ಮಹಾಶಯರು 1991ರ ತಮ್ಮ ಗ್ರಂಥದಲ್ಲಿ ಇದಕ್ಕೆ ಇನ್ನೊಂದು ಮಾತನ್ನು ಕೂಡಿಸಿದರು. ಈ ಕಾಲದಲ್ಲಿ ‘ನಾನಾರು’ ಎಂಬುದಕ್ಕೆ ಉತ್ತರವು ಹುಟ್ಟಿನಿಂದ ದೊರೆಯುವುದಿಲ್ಲ. ಪ್ರತಿಯೊಬ್ಬನೂ ತಜ್ಞರಿಂದ ಬಂದ ಅರಿವನ್ನು ಆಗಾಗ ಪರಿಶೀಲಿಸುತ್ತ ತನ್ನ ಬಾಳಿನ ಕಥೆಯನ್ನು ತಾನೇ ಕಟ್ಟಿ ತಿದ್ದಿಕೊಳ್ಳಬೇಕು ಎಂಬುದೇ ಆ ಮಾತು.

ಈ ಇಬ್ಬರನ್ನೂ ಆಧುನಿಕೋತ್ತರವಾದಿಗಳ ಪಂಕ್ತಿಯಲ್ಲಿ ಕುಳ್ಳಿರಿಸುವ ವಾಡಿಕೆಯುಂಟು. ಅದು ಸರಿಯಲ್ಲ. ಜನರನ್ನು ನಡೆಸಿದ ಮಹಾಕಥನಗಳಲ್ಲಿ ನಂಬಿಕೆಯು ಅಳಿಯಿತೆಂದು ಫ್ರಾನ್ಸಿನ ಲಿಯೊತಾರರು 1979ರಲ್ಲಿ ಸಾರಿದರು. ಬೆಕ್, ಗಿಡನ್ಸರ ಪಕ್ಷದಲ್ಲಿ ಆಧುನಿಕತೆಯು ಮುಗಿದಿಲ್ಲ; ಅದು ಪರಿಣತದಶೆಗೆ ಬಂದು, ತನ್ನ ಕರ್ಮದ ಫಲವನ್ನು ತಾನೇ ಎದುರಿಸುತ್ತಿದೆ.

ಸಿದ್ಧಾಂತದ ಬಲವನ್ನು ದೃಷ್ಟಾಂತದಲ್ಲಿ ನೋಡಬೇಕು. ಚೆರ್ನೋಬಿಲಿನಿಂದ ಹೊರಟ ಧೂಳು ಗಾಳಿಯಲ್ಲಿ ಬಂದು, ಮೇ ತಿಂಗಳ ಮೊದಲಲ್ಲಿ ಬಿದ್ದ ಬಿರುಮಳೆಯೊಡನೆ ಇಂಗ್ಲೆಂಡಿನ ವಾಯವ್ಯದ ಕಂಬ್ರಿಯ ಸೀಮೆಯ ಗುಡ್ಡಗಳ ಮೇಲೆ ಇಳಿಯಿತು. ಅದರಲ್ಲಿದ್ದ ಸೀಸಿಯಮ್ ಎಂಬ ವಿಕಿರಣವಸ್ತುವು ಹುಲ್ಲಿಗೂ, ಹುಲ್ಲಿನಿಂದ ಕುರಿಗೂ ಸೇರಿತು. ಜೂನ್ 20ರಂದು ಸರ್ಕಾರವು ಆ ಸೀಮೆಯ ಕುರಿಗಳನ್ನು ಸಾಗಿಸಕೂಡದು, ಕಡಿಯಕೂಡದು ಎಂದು ಆಜ್ಞೆ ಮಾಡಿತು. ಮಾಂಸದ ಕಿಲೋಗ್ರಾಮಿಗೆ 1000 ಬೆಕೆರೆಲ್ ಎಂಬುದು ಮಿತಿ. ಮೂರು ವಾರಗಳಲ್ಲಿ ಎಲ್ಲವೂ ಸರಿಹೋಗುವುದೆಂದು ತಜ್ಞರು ಆಶ್ವಾಸನೆಯಿತ್ತರು. ಮೂರು ವಾರಗಳು ಕಳೆದುವು. ಆಜ್ಞೆಯು ತೆರವಾಗಲಿಲ್ಲ, ಅನಿರ್ದಿಷ್ಟಕಾಲಕ್ಕೆ ಮುಂದುವರಿಯಿತು. ಕಡೆಯ ನಿರ್ಬಂಧಗಳು ತೆಗೆಯಲ್ಪಟ್ಟುದು 2012ರಲ್ಲಿ, ಎಂದರೆ ಇಪ್ಪತ್ತಾರು ವರ್ಷಗಳ ಮೇಲೆ.

ತಜ್ಞರು ಎಡವಿದುದು ಎಲ್ಲಿ? ಸೀಸಿಯಮ್ ಮಣ್ಣಿಗೆ ಬಿದ್ದೊಡನೆ ಮಣ್ಣಿನ ಕಣಗಳು ಅದನ್ನು ಬಿಗಿಹಿಡಿಯುವುವು, ಬೇರುಗಳಿಗೆ ಬಿಡವು. ಕುರಿಯ ಮೈಯಲ್ಲಿರುವುದು ಕೆಲವು ವಾರಗಳಲ್ಲಿ ಹೊರಹೋಗುವುದು. ಹೊಸ ಹುಲ್ಲು ಶುದ್ಧವಾಗಿರುವುದು. ಹೀಗೆಂದು ಅವರ ಅನುಮಾನ. ಜೇಡಿಯಿರುವ ನೆಲದಲ್ಲಿ ಇದು ನಿಜವಾದ ಮಾತೇ. ಕಂಬ್ರಿಯದ ಗುಡ್ಡಗಳಲ್ಲಿರುವುದಾದರೋ ಕೊಳೆತ ಸಸ್ಯಗಳಿಂದಾದ, ಹುಳಿಯ ಗುಣವುಳ್ಳ ಕಪ್ಪು ಮಣ್ಣು. ಅದರಲ್ಲಿ ಸೀಸಿಯಮ್ ಬಿಗಿಯಾಗಿ ನಿಲ್ಲದೆ ಮತ್ತೆ ಮತ್ತೆ ಹುಲ್ಲಿಗೆ ಏರುತ್ತಿತ್ತು. ತರ್ಕವನ್ನೋದಿದ ವಾಚಕರಿಗೆ ಈ ದೋಷದ ಹೆಸರು ಗೊತ್ತೇ ಇದೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆನ್ನುವವನು ಹಸಿ ಸೌದೆಯೆಂಬ ಉಪಾಧಿಯನ್ನು ಮರೆತಿರುತ್ತಾನೆ. ಇಲ್ಲಿ ಮರೆತ ಉಪಾಧಿ ಜೇಡಿಮಣ್ಣು. ಒಂದು ನೆಲದ ವ್ಯಾಪ್ತಿಯನ್ನು ಎಲ್ಲ ನೆಲಕ್ಕೂ ಹರಡಿದುದೇ ತಪ್ಪಾಯಿತು.

ಇದನ್ನು ಲ್ಯಾಂಕಾಸ್ಟರ್ ವಿಶ್ವವಿದ್ಯಾನಿಲಯದ ಬ್ರಯನ್ ವಿನ್ ಎಂಬ ವಿದ್ವಾಂಸರು ಆ ಕುರಿಗಾರರನ್ನೇ ಕಂಡು, ಕೇಳಿ ಬರೆದಿದ್ದಾರೆ. ಅವರ ಬರಹದಲ್ಲಿ ಅತ್ಯಂತ ಬೆಲೆಯುಳ್ಳ ಭಾಗವು ಮಣ್ಣಿನ ವಿಷಯವಲ್ಲ, ಜನರ ವಿಷಯ. ಗುಡ್ಡದ ಹುಲ್ಲನ್ನು ಬಿಡಿಸಿ ಕುರಿಗಳಿಗೆ ಒಣಹುಲ್ಲಿನ ದಂಟನ್ನು ಹಾಕಿರೆಂದು ತಜ್ಞರ ಸಲಹೆ ಬಂದಿತಂತೆ. ಗುಡ್ಡದ ಕುರಿ ದಂಟನ್ನು ಮೂಸಿಯೂ ನೋಡದೆಂದು ಕುರಿಗಾರರು ನಕ್ಕರು. ಬೆಂಟೊನೈಟ್ ಎಂಬ ಜೇಡಿಯನ್ನು ನೆಲಕ್ಕೆ ಎರಚಿ ಪರೀಕ್ಷಿಸಲು ಕುರಿಗಳನ್ನು ಬೇಲಿಯೊಳಗೆ ಕೂಡಿದರು. ಬಯಲಿನಲ್ಲಿ ಅಲೆದು ಮೇಯುವ ಕುರಿ ಬೇಲಿಯೊಳಗೆ ಸೊರಗುವುದು, ಪರೀಕ್ಷೆಯೇ ಕೆಡುವುದು ಎಂದು ಕುರಿಗಾರರು ಮೊದಲೇ ಹೇಳಿದ್ದರು. ಕೇಳಿದವರಿಲ್ಲ. ಆಮೇಲೆ ಆ ಪರೀಕ್ಷೆಯನ್ನು ಕೈಬಿಟ್ಟರು. ಕುರಿಗಾರರ ಮಾತನ್ನು ಮಾತ್ರ ಯಾರೂ ಒಪ್ಪಿಕೊಂಡು ಬರೆಯಲಿಲ್ಲ.

‘ತಾನಾರೆಂಬ’ ಪ್ರಶ್ನೆಯು ಹುಟ್ಟುವುದು ಇಲ್ಲಿಯೇ. ಆ ಗುಡ್ಡಗಳಲ್ಲಿ ಬೇಲಿಯಿಲ್ಲ. ಪ್ರತಿಯೊಂದು ಹಿಂಡಿಗೂ ತನ್ನ ಎಲ್ಲೆ ಗೊತ್ತು. ತಾಯಿಯ ಹಿಂದೆ ತಿರುಗಿ ಮರಿಯು ಅದನ್ನು ಕಲಿಯುವುದು. ಯಾವ ಇಳಿಜಾರಿನ ಹುಲ್ಲು ಎಷ್ಟು ದಿನ ತಾಳುವುದು, ಮರಿಗಳನ್ನು ಯಾವಾಗ ಸಂತೆಗೆ ಇಳಿಸಬೇಕು ಎಂಬ ಅರಿವೇ ಕುರಿಗಾರನ ಬದುಕು. ಮಾರಬೇಕಾದ ಮರಿಗಳು ಗುಡ್ಡದಲ್ಲಿಯೇ ನಿಂತರೆ ಹುಲ್ಲು ಬರಿದಾಗಿ ಮುಂದಿನ ವರ್ಷದ ಹಿಂಡೂ ಕೆಡುವುದು. ಇದನ್ನೆಲ್ಲ ಬಲ್ಲವನ ಅರಿವನ್ನು ಅರಿವೇ ಅಲ್ಲವೆಂಬಂತೆ ನಡೆಸಿಕೊಂಡಾಗ, ಕುರಿಯ ಮೈಗೆ ಸೇರಿದ ವಿಷಕ್ಕಿಂತ ಹೆಚ್ಚಿನದೊಂದು ಪೆಟ್ಟು ಅವನಿಗೆ ಬಿದ್ದಿತು. ಅಪಾಯವು ಬಂದುದು ಚೆರ್ನೋಬಿಲಿನಿಂದ. ಅವಮಾನವು ಬಂದುದು ರಕ್ಷಣೆಗೆಂದು ಬಂದವರಿಂದ.

ಅದೇ ಸೀಮೆಯಲ್ಲಿ ಸೆಲ್ಲಾಫೀಲ್ಡ್ ಎಂಬ ಅಣುಸ್ಥಾವರವುಂಟು. ವಿಂಡ್‌ಸ್ಕೇಲ್ ಎಂಬ ಹಳೆಯ ಹೆಸರಿದ್ದಾಗ, 1957ರ ಅಕ್ಟೋಬರಿನಲ್ಲಿ, ಅಲ್ಲಿ ದೊಡ್ಡ ಬೆಂಕಿ ಬಿದ್ದಿತ್ತು. ಈ ವಿಷವು ಅಂದಿನದೂ ಏಕಾಗಿರಬಾರದೆಂದು ಕುರಿಗಾರರು ಸಂಶಯಪಟ್ಟರು. ಅಲ್ಲವೆಂದು ಅಧಿಕಾರಿಗಳು ಖಂಡಿತವಾಗಿ ನುಡಿದರು. ಅಲ್ಲಿಯ ಸೀಸಿಯಮ್ ಎಲ್ಲವೂ ಚೆರ್ನೋಬಿಲಿನದಲ್ಲ, ಹಳೆಯದೂ ಬಹಳವಾಗಿ ಬೆರೆತಿದೆ ಎಂಬುದು ಆಮೇಲೆ ತಿಳಿದುಬಂದಿತು. ಆದರೂ ಹಲವರು ಸಂಶಯವನ್ನು ಬಹಿರಂಗವಾಗಿ ಆಡಲಿಲ್ಲ. ಅವರ ಮಕ್ಕಳೋ ನಂಟರೋ ನೆರೆಯವರೋ ಆ ಸ್ಥಾವರದಲ್ಲಿಯೇ ಕೆಲಸಕ್ಕಿದ್ದರು. ಹೊರಗಿನಿಂದ ನೋಡಿದವನು ಈ ಮೌನವನ್ನು ನಂಬಿಕೆಯೆಂದೇ ತಿಳಿಯುವನು.

ಗಿಡನ್ಸ್ ಮಹಾಶಯರ ಸಿದ್ಧಾಂತಕ್ಕೆ ಈ ಮೌನವು ನಿಲುಕದು. ಅವರ ಮನುಷ್ಯನು ತಜ್ಞರನ್ನು ಪರೀಕ್ಷಿಸಿ, ಇವನನ್ನು ನಂಬುವೆನು, ಇವನನ್ನು ಬಿಡುವೆನು ಎಂದು ಆರಿಸಿಕೊಳ್ಳುವವನು. ಕಂಬ್ರಿಯದವನಿಗೆ ಆರಿಸಿಕೊಳ್ಳಲು ಎಡೆಯೆಲ್ಲಿ? ಕುರಿಯ ಮೈಯನ್ನು ಅಳೆಯುವ ಯಂತ್ರವು ಅಧಿಕಾರಿಯ ಕೈಯಲ್ಲಿ, ಪರಿಹಾರದ ಹಣವೂ ಅವನ ಕೈಯಲ್ಲಿ. ನಂಬದಿದ್ದರೂ ನಂಬಿದವನಂತೆ ನಡೆಯುವುದೊಂದೇ ದಾರಿ. ಆಪ್ತನೆಂದರೆ ಇದ್ದುದನ್ನು ಇದ್ದಂತೆ ಅರಿತು ಅರಿತಂತೆ ಹೇಳುವವನು. ಬೇರೆ ಗತಿಯಿಲ್ಲವೆಂದು ಒಬ್ಬನ ಮಾತಿಗೆ ತಲೆಬಾಗಿದರೆ ಅವನು ಆಪ್ತನಾಗುವನೇ? ವಿನ್ ಮಹಾಶಯರು 1996ರಲ್ಲಿ ಬೆಕ್, ಗಿಡನ್ಸರ ಮೇಲೆ ಎತ್ತಿದ ಆಕ್ಷೇಪದ ಸಾರವು ಇದೇ: ಜನರು ಹಿಂದೆ ತಜ್ಞರನ್ನು ನಂಬಿದ್ದರು, ಈಗ ಸಂಶಯಿಸತೊಡಗಿದ್ದಾರೆ ಎಂಬ ಕಥೆಯೇ ಸರಿಯಲ್ಲ, ಸಂಶಯವು ಹಿಂದೆಯೂ ಇದ್ದಿತು, ಬಾಯಿಗೆ ಬರುತ್ತಿರಲಿಲ್ಲ.

ಬೆಕ್ ಮಹಾಶಯರಿಗೆ ಅನ್ಯಾಯ ಮಾಡಬಾರದು. ತಜ್ಞರ ಪ್ರಮಾದಗಳನ್ನು ಅವರು ಗಿಡನ್ಸರಿಗಿಂತ ತೀಕ್ಷ್ಣವಾಗಿ ಕಂಡವರು. ಈ ಹೊಸ ಅಪಾಯಗಳು ಬಡವ ಬಲ್ಲಿದರೆಂಬ ಭೇದವನ್ನು ಎಣಿಸವೆಂಬ ಅವರ ಮಾತಿನಲ್ಲಿ ಮಾತ್ರ ಅತಿವ್ಯಾಪ್ತಿಯಿದೆ. ಧೂಳನ್ನು ಹೊತ್ತ ಮಳೆ ಭೇದವೆಣಿಸದೆ ಸುರಿಯಿತು, ನಿಜ. ಆದರೆ ಜೇಡಿಯ ಫಲವತ್ತಾದ ಕಣಿವೆಯ ಹೊಲಗಳು ಬೇಗನೆ ಬಿಡುಗಡೆಯಾದುವು. ಒಕ್ಕಲುತನಕ್ಕೆ ಒದಗದ ಬಡ ಗುಡ್ಡಗಳಲ್ಲಿ ಮಾತ್ರ, ಮಿತಿ ಮೀರಿದ ಕುರಿಗಳು ಬೆನ್ನಿಗೆ ಬಣ್ಣದ ಗುರುತು ಬಳಿಸಿಕೊಂಡು ವರ್ಷ ವರ್ಷವೂ ಮೇಯುತ್ತಿದ್ದುವು.