'ಏ'ಕಾರದ ಎರಡು ಕೆಲಸಗಳು: ಅವಧಾರಣೆ ಮತ್ತು ಪ್ರಶ್ನೆ

ನಮ್ಮ ಶಾಲಾ ವ್ಯಾಕರಣಗಳು 'ಏ'ಯನ್ನು ಅವಧಾರಣಾರ್ಥಕ ಅವ್ಯಯವೆಂದು ಒಂದೆಡೆಯೂ ಪ್ರಶ್ನಾರ್ಥಕವೆಂದು ಇನ್ನೊಂದೆಡೆಯೂ ಹೆಸರಿಸಿ, 'ನಾನೇ', 'ಅವನೇ' ಎಂಬ ಬಿಡಿ ಪದಗಳನ್ನು ಉದಾಹರಿಸಿ ಮುಂದೆ ಸಾಗುತ್ತವೆ. ಬಿಡಿ ಪದದಲ್ಲಿ ಈ ಅವ್ಯಯದ ಸ್ವಭಾವ ತಿಳಿಯುವುದಿಲ್ಲ. ಅದು ವಾಕ್ಯದ ಯಾವ ಅಂಗಕ್ಕೆ ಹತ್ತಿದೆ, ಕ್ರಿಯಾಪದ ಯಾವ ರೂಪದಲ್ಲಿದೆ ಎಂಬೆರಡನ್ನೂ ಒಟ್ಟಿಗೆ ನೋಡಬೇಕು.

ಹಿಂದಿಯಿಂದ ಅನುವಾದಿಸುವವರು ಎದುರಿಸುವ ಒಂದು ವಾಕ್ಯವನ್ನು ಗಮನಿಸಬಹುದು: 'ಕ್ಯಾ ವೇ ಕಲ್ ಹೀ ದಿಲ್ಲೀ ಗಯೇ ಥೇ?' ಕನ್ನಡದಲ್ಲಿ ಇದಕ್ಕೆ ಸಮೀಪದ ವಾಕ್ಯಗಳು ಮೂರು. 'ಅವರು ನಿನ್ನೆ ದಿಲ್ಲಿಗೆ ಹೋದರೇ?' ಎಂದರೆ ಹೋದ ಸಂಗತಿಯೇ ಸಂದೇಹಕ್ಕೆ ಒಳಗಾಗಿದೆ. 'ಇಲ್ಲ, ಹೋಗಲಿಲ್ಲ' ಎಂಬ ಉತ್ತರ ಸಹಜ. 'ಅವರು ದಿಲ್ಲಿಗೆ ಹೋದದ್ದು ನಿನ್ನೆಯೇ?' ಎಂದಾಗ ಹೋದದ್ದು ಒಪ್ಪಿತ, ದಿನ ಮಾತ್ರ ಪ್ರಶ್ನೆ. 'ಅಲ್ಲ, ಮೊನ್ನೆ' ಎಂಬುದು ಉತ್ತರ. 'ಅವರು ನಿನ್ನೆಯೇ ದಿಲ್ಲಿಗೆ ಹೋದರೇ?' ಎಂಬುದರಲ್ಲಿ ಮೊದಲ 'ಏ' ಅವಧಾರಣೆ, ಎರಡನೆಯದು ಪ್ರಶ್ನೆ. ಇಷ್ಟು ಬೇಗ ಹೊರಟರೆಂಬ ಬೆರಗು ಇಲ್ಲಿ ಇಣುಕುತ್ತದೆ. 'ಹೀ'ಗೆ 'ಏ' ಎಂದು ಕಣ್ಣುಮುಚ್ಚಿ ಬದಲಿಸಿದವರು ಬಯಸದೆಯೇ ಈ ಮೂರನೆಯದನ್ನು ತಲುಪುತ್ತಾರೆ. 'ಕ್ಯಾ'ಕ್ಕೆ ವಾಕ್ಯಾರಂಭದಲ್ಲಿ 'ಏನು' ಎಂದು ಬರೆದರಂತೂ ಪ್ರಶ್ನೆ ಹೋಗಿ ಆಶ್ಚರ್ಯ ಉಳಿಯುತ್ತದೆ.

ಮೇಲಿನ ಎರಡನೆಯ ವಾಕ್ಯದಲ್ಲಿ 'ಹೋದರು' ಎಂಬ ಪೂರ್ಣಕ್ರಿಯೆ 'ಹೋದದ್ದು' ಎಂಬ ನಾಮರೂಪವನ್ನು ತಾಳಿ, ಪ್ರಶ್ನಿತ ಪದ ಆಖ್ಯಾತದ ಸ್ಥಾನಕ್ಕೆ ಬಂದಿದೆ. ಒಂದೇ ಅಂಗವನ್ನು ಪ್ರಶ್ನಿಸಲು ಬರೆಹದ ಕನ್ನಡದಲ್ಲಿ ಇದೇ ನೇರ ದಾರಿ. ಆದರೆ ಇಲ್ಲೊಂದು ತೊಡಕಿದೆ. ಪ್ರಶ್ನಚಿಹ್ನೆಯನ್ನು ಅಳಿಸಿದರೆ ಅದೇ ವಾಕ್ಯ 'ನಿನ್ನೆಯಲ್ಲದೆ ಬೇರೆ ದಿನವಲ್ಲ' ಎಂಬ ದೃಢ ಹೇಳಿಕೆಯಾಗುತ್ತದೆ. ಆಡುಮಾತಿನಲ್ಲಿ ಈ ಗೊಂದಲ ವಿರಳ. ಅಲ್ಲಿ ಪ್ರಶ್ನೆಗೆ 'ನಿನ್ನೆಯಾ' ಎಂಬ 'ಆ'ಕಾರವೂ ದನಿಯ ಏರಿಳಿತವೂ ಇವೆ. ಬರೆಹದಲ್ಲಿ, ಅದರಲ್ಲೂ ಅಧೀನ ವಾಕ್ಯದಲ್ಲಿ, ಚಿಹ್ನೆಗೂ ಎಡೆಯಿಲ್ಲ. 'ಅವರು ಹೋದದ್ದು ನಿನ್ನೆಯೇ ಎಂಬುದನ್ನು ದಾಖಲೆಗಳಿಂದ ತೋರಿಸಬೇಕು' ಎಂಬಲ್ಲಿ ಲೇಖಕನಿಗೆ ದಿನದ ಬಗ್ಗೆ ಖಚಿತವಿದೆಯೋ ಸಂದೇಹವಿದೆಯೋ? ಸಂಶೋಧನ ಪ್ರಬಂಧದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಸಂದೇಹವಿದ್ದರೆ 'ನಿನ್ನೆಯೋ ಅಲ್ಲವೋ ಎಂಬುದನ್ನು' ಎಂದು 'ಓ'ಕಾರವನ್ನು ಬಳಸುವುದು ಲೇಸು.

ನಿಷೇಧದಲ್ಲಿಯೂ ಸ್ಥಾನವೇ ಅರ್ಥವನ್ನು ನಿರ್ಧರಿಸುತ್ತದೆ. 'ಅಧ್ಯಕ್ಷರೇ ಬರಲಿಲ್ಲ' ಎಂದರೆ ಉಳಿದವರು ಬಂದಿರಬಹುದು, ಬರಲೇಬೇಕಾದವರು ಬರಲಿಲ್ಲ. 'ಅಧ್ಯಕ್ಷರು ಬರಲೇ ಇಲ್ಲ' ಎಂದರೆ ಕಾದದ್ದು ವ್ಯರ್ಥವಾಯಿತು. 'ಬಂದವರು ಅಧ್ಯಕ್ಷರಲ್ಲ' ಎಂದರೆ ಯಾರೋ ಬಂದಿದ್ದಾರೆ. ಎರಡನೆಯದರಲ್ಲಿ 'ಬರಲಿಲ್ಲ' ಎಂಬ ಒಂದೇ ಪದ ಒಡೆದು, ನಡುವೆ 'ಏ' ನೆಲೆಸಿರುವುದು ಗಮನಾರ್ಹ. 'ಬರಲಿಲ್ಲವೇ' ಎಂದು ಅದನ್ನು ಕೊನೆಗೆ ಸರಿಸಿದರೆ ಒತ್ತು ಕಳೆದು ಪ್ರಶ್ನೆ ಹುಟ್ಟುತ್ತದೆ.

ವಿಶೇಷಣಗಳ ವಿಷಯದಲ್ಲಿ ಈ ಅವ್ಯಯಕ್ಕೆ ಮಿತಿಯಿದೆ. 'ಹಳೆಯ ಪ್ರತಿಯನ್ನೇ ಬಳಸಿದರು' ಎಂಬಲ್ಲಿ ಒತ್ತು 'ಹಳೆಯ' ಎಂಬುದರ ಮೇಲೋ 'ಪ್ರತಿ'ಯ ಮೇಲೋ ಎಂದು 'ಏ' ಹೇಳಲಾರದು. ಅದು ಪದಪುಂಜದ ತುದಿಗೆ, ವಿಭಕ್ತಿಯ ಆಚೆ ಮಾತ್ರ ನಿಲ್ಲುತ್ತದೆ. ಅಂಥ ಕಡೆ 'ಬಳಸಿದ ಪ್ರತಿ ಹಳೆಯದೇ' ಎಂದು ವಾಕ್ಯವನ್ನೇ ತಿರುಗಿಸಿ ಬರೆಯುವುದು ಅನಿವಾರ್ಯ.