ಕ್ರೀಮಿನ ಗುಲಾಬಿ

ಹುಟ್ಟುಹಬ್ಬದ ಕೇಕಿನ ಚಿತ್ರ ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ಗುಲಾಬಿಯ ಎಸಳಿನ ಅಂಚಿಗೆ. ಬೆಣ್ಣೆ ಕ್ರೀಮಿನ ಗುಲಾಬಿಗೆ ಸಾಮಾನ್ಯವಾಗಿ ಬಳಸುವುದು 104ನೇ ನಂಬರಿನ ನಾಜಲ್. ಅದರ ಬಾಯಿ ಒಂದು ತುದಿಯಲ್ಲಿ ಅಗಲ, ಇನ್ನೊಂದರಲ್ಲಿ ಕಿರಿದು. ಅಗಲದ ತುದಿ ಕೆಳಗಿದ್ದರೆ ಎಸಳಿನ ಬುಡ ದಪ್ಪವಾಗಿ ನಿಲ್ಲುತ್ತದೆ, ಅಂಚು ನಿಜವಾದ ಹೂವಿನದರಂತೆ ತೆಳುವಾಗುತ್ತದೆ. ನಡುವಿನ ಮೊಗ್ಗಿನ ಸುತ್ತ ಮೊದಲು ಮೂರು ಎಸಳು, ಆಮೇಲೆ ಐದು, ಕೊನೆಗೆ ಏಳು. ಪ್ರತಿಯೊಂದೂ ಹಿಂದಿನದರ ಮೇಲೆ ತುಸು ಹತ್ತಿ ಕೂರಬೇಕು. ಕ್ರೀಮು ತೀರಾ ಗಟ್ಟಿಯಾದರೆ ಅಂಚು ಹರಿದು ಗರಗಸದ ಹಲ್ಲಿನಂತಾಗುತ್ತದೆ. ಕೈಯ ಬಿಸಿಗೆ ಮೆತ್ತಗಾದರೆ ಎಸಳು ಜೋತುಬೀಳುತ್ತದೆ. ಆಗ ಕ್ರೀಮಿನ ಚೀಲವನ್ನು ಕೆಲ ನಿಮಿಷ ಫ್ರಿಜ್ಜಿನಲ್ಲಿಡಬೇಕು. ಗುಲಾಬಿಯ ಕೆಳಗಿನ ಫಾಂಡಂಟ್ ನುಣುಪಾಗಿದ್ದಷ್ಟೂ ಎಸಳಿನ ನೆರಳು ಸ್ಪಷ್ಟ. ಮುಂದಿನ ಸಲ ಕೇಕ್ ಕತ್ತರಿಸುವ ಮುನ್ನ ಒಂದು ಗುಲಾಬಿಯನ್ನು ಪಕ್ಕದಿಂದ ನೋಡಿ.