ಎರಡನೆಯ ಬಾರ್ ದಾಟುವ ಹೆಬ್ಬೆರಳು

ದೊಡ್ಡವರಾದ ಮೇಲೆ ಪಿಯಾನೊ ಕಲಿಯಲು ಕೂತವರು ದಿನದ ಅರ್ಧ ಗಂಟೆಯನ್ನು ಹೆಚ್ಚಾಗಿ ಒಂದೇ ಬಗೆಯಲ್ಲಿ ಕಳೆಯುತ್ತಾರೆ. ಮೊದಲಿನಿಂದ ನುಡಿಸುವುದು, ತಪ್ಪಿದಲ್ಲಿ ನಿಲ್ಲುವುದು, ಮತ್ತೆ ಮೊದಲಿನಿಂದ. ಮೊದಲ ಸಾಲು ನಯವಾಗುತ್ತದೆ, ತೊಡಕಿನ ಜಾಗ ಹಾಗೇ ಉಳಿಯುತ್ತದೆ.

ನನ್ನ ಕ್ರಮ ಬೇರೆ. ಮೊದಲ ಐದು ನಿಮಿಷ ಹಿಂದೆ ಕಲಿತದ್ದನ್ನು ನಿಧಾನವಾಗಿ ನುಡಿಸಿ. ಕೊನೆಯ ಐದು ನಿಮಿಷ ಹಿಂದೆಂದೂ ನೋಡದ ಸುಲಭದ ಪುಟವೊಂದನ್ನು ಎಲ್ಲೂ ನಿಲ್ಲದೆ ಓದಿ ನುಡಿಸಿ. ನಡುವಿನ ಇಪ್ಪತ್ತು ನಿಮಿಷ ಪೂರ್ತಿ ನಾಲ್ಕೇ ಬಾರ್‌ಗಳಿಗೆ.

ಜಿ ಮೇಜರ್‌ನ ಪ್ರಸಿದ್ಧ ಮಿನುಯೆಟ್ ತೆಗೆದುಕೊಳ್ಳೋಣ. ಬಾಖ್ ಮಡದಿ ಅನ್ನಾ ಮ್ಯಾಗ್ಡಲೀನಾಳ 1725ರ ಪುಸ್ತಕದಲ್ಲಿ ಇದು ಇದೆ. ಬಹುಕಾಲ ಬಾಖ್ ಹೆಸರಿನಲ್ಲೇ ಇದ್ದ ಇದರ ನಿಜವಾದ ಕರ್ತೃ ಕ್ರಿಶ್ಚಿಯನ್ ಪೆಟ್ಸೋಲ್ಡ್ ಎಂದು ಈಗ ಒಪ್ಪಿದ್ದಾರೆ. ಪ್ರತಿ ಬಾರ್‌ಗೆ ಮೂರು ಎಣಿಕೆ.

ಬಲಗೈ ಮೊದಲು. ಮೆಟ್ರೊನೋಮ್ 60ಕ್ಕೆ ಇರಲಿ. ಕಿರುಬೆರಳು ಡಿ ಮೇಲೆ, ಹೆಬ್ಬೆರಳು ಕೆಳಗಿನ ಜಿ ಮೇಲೆ. ಮೊದಲೆರಡು ಬಾರ್‌ಗಳಿಗೆ ಕೈ ಜರುಗುವುದೇ ಬೇಡ. ಮೂರನೆಯ ಬಾರ್ ಮಾತ್ರ ಇ ಸ್ವರದಿಂದ ಶುರುವಾಗಿ ಸಿಗೆ ಇಳಿಯುತ್ತದೆ. ಇ ಮೇಲೆ ನಡುಬೆರಳು, ಸಿ ಮೇಲೆ ಹೆಬ್ಬೆರಳು ಬರಬೇಕು. ಅಂದರೆ ಎರಡನೆಯ ಬಾರ್‌ನ ಕೊನೆಯ ಜಿ ನುಡಿಸಿದ ಹೆಬ್ಬೆರಳು ಕೂಡಲೇ ಬಲಕ್ಕೆ ಜರುಗಬೇಕು. ಬಹಳ ಮಂದಿ ಎಡವುವುದು ಇಲ್ಲಿಯೇ. ಇ ಸರಿಯಾಗಿ ಬಂದು, ಅದರ ನಂತರ ಕ್ಷಣಕಾಲ ತಡವರಿಸಿದರೆ, ಬೆರಳಿಗೆ ಇ ಗೊತ್ತು, ಕೈಗೆ ಹೊಸ ಜಾಗ ಗೊತ್ತಿಲ್ಲ ಎಂದರ್ಥ.

ಹಾಗಾದಾಗ ಎರಡನೆಯ ಬಾರ್‌ನ ಎರಡು ಜಿಗಳಿಂದ ಹೊರಡಿ. ಜಿ, ಜಿ, ಆಮೇಲೆ ಸದ್ದಿಲ್ಲದೆ ಇ ಮತ್ತು ಸಿ ಕೀಗಳ ಮೇಲೆ ಬೆರಳು ಇಡಿ. ಒತ್ತಬೇಡಿ. ಸರಿಯಾಗಿ ಕೂತಿವೆಯೇ ನೋಡಿ, ಮತ್ತೆ ಮಾಡಿ. ನೋಡದೆಯೇ ಬೆರಳು ಕೂತ ಮೇಲೆ ಮೂರನೆಯ ಬಾರ್‌ನ ಮೊದಲ ಎಣಿಕೆಯಷ್ಟೇ ಸೇರಿಸಿ ನುಡಿಸಿ. ಮೂರು ಸಲ ತಡೆಯಿಲ್ಲದೆ ಬಂದರೆ ನಾಲ್ಕನೆಯ ಬಾರ್‌ವರೆಗೆ ಹೋಗಿ. ಅಲ್ಲಿ ಮೇಲಿನ ಜಿಯಿಂದ ಕೆಳಗಿನ ಜಿಗೆ ಇಡೀ ಆಕ್ಟೇವ್ ಇಳಿಯಬೇಕು. ಸಣ್ಣ ಕೈಯವರು ಎಳೆದು ಹಿಡಿಯದೆ ಕೈಯನ್ನೇ ಎತ್ತಿ ಇಟ್ಟರೆ ಸಾಕು.

ಎಡಗೈಗೆ ಎರಡನೆಯ ಬಾರ್‌ನಿಂದ ನಾಲ್ಕನೆಯದರವರೆಗೆ ಒಂದೊಂದೇ ಸ್ವರ: ಬಿ, ಸಿ, ಬಿ. ಪ್ರತಿಯೊಂದೂ ಮೂರೂ ಎಣಿಕೆ ನಿಲ್ಲಬೇಕು. ಎರಡೂ ಕೈ ಸೇರಿದಾಗ ಬಲಗೈ ಜಿಗಳ ನಡುವೆ ಎದ್ದರೆ ಎಡಗೈಯೂ ಜೊತೆಗೇ ಎದ್ದುಬಿಡುತ್ತದೆ. ಕೆಳಗಿನ ದನಿ ಮಾಯವಾದದ್ದು ಕಿವಿಗೆ ತಿಳಿಯುತ್ತದೆ. ಆಗ ಮೆಟ್ರೊನೋಮನ್ನು 50ಕ್ಕೆ ಇಳಿಸಿ.

ಇವತ್ತು ಕೊನೆಯಲ್ಲಿ ಚೆನ್ನಾಗಿ ಬಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾಳೆ ಕೂತ ಕೂಡಲೇ ಮೊದಲ ಸಲ ಹೇಗೆ ಬರುತ್ತದೆ ಎಂಬುದೇ ಅಳತೆ. ನಾಲ್ಕು ಬಾರ್‌ಗೆ ನಾಲ್ಕೈದು ದಿನ ಹಿಡಿದರೆ ಅದು ನಿಧಾನವಲ್ಲ. ಮೊದಲ ಭಾಗದ 16 ಬಾರ್‌ಗಳಿಗೆ ಮೂರು ವಾರ ಕೊಡಿ. ಭಾನುವಾರ ಮಾತ್ರ ಕಲಿತಷ್ಟನ್ನೂ ಒಮ್ಮೆ ಉದ್ದಕ್ಕೆ ನುಡಿಸಿ, ಫೋನಿನಲ್ಲಿ ಧ್ವನಿಮುದ್ರಿಸಿ. ಕೇಳುತ್ತ, ತಡವರಿಸಿದ ಜಾಗಗಳಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಸೋಮವಾರದ ಇಪ್ಪತ್ತು ನಿಮಿಷ ಅಲ್ಲಿಂದಲೇ ಶುರು.